‘ಕನ್ಫರ್ಮೇಶನ್‌ಗೆ ಒಳಪಟ್ಟಿದೆ’ ಅನ್ನೋ ಆ ಒಂದು ಸಾಲು: ಬ್ಯಾಂಕು, ಪಾರ್ಟಿಗಳು ಉತ್ತರ ಕೊಡದಿದ್ರೆ ಆಡಿಟರ್ ಏನ್ ಮಾಡ್ಬೇಕು?

ಯಾವುದಾದ್ರೂ ಮಧ್ಯಮ ಗಾತ್ರದ ಕಂಪನಿಯ ಬ್ಯಾಲೆನ್ಸ್ ಶೀಟ್ ತಗೊಂಡು ಕೊನೇ ಪುಟಗಳಲ್ಲಿರೋ ನೋಟ್ಸ್ ಓದಿ, ಹತ್ತರಲ್ಲಿ ಎಷ್ಟೋ ಕಡೆ ಒಂದು ಸಾಲು ಸಿಗುತ್ತೆ: ಡೆಬ್ಟರ್ಸ್, ಕ್ರೆಡಿಟರ್ಸ್, ಅಡ್ವಾನ್ಸ್ ಬ್ಯಾಲೆನ್ಸ್‌ಗಳು ಪಾರ್ಟಿಗಳ ಕನ್ಫರ್ಮೇಶನ್ ಮತ್ತು ರಿಕನ್ಸಿಲಿಯೇಶನ್‌ಗೆ ಒಳಪಟ್ಟಿವೆ, ಅಂತ. ನಾನು ಸಿಎ ಆಗೋಕೆ ಆರ್ಟಿಕಲ್‌ಶಿಪ್ ಮಾಡೋವಾಗ ಹಿಂದಿನ ವರ್ಷದ ಫೈಲಿಂದ ಆ ಸಾಲನ್ನ ಕಾಪಿ ಮಾಡಿ ಅಂಟಿಸಿದ್ದೀನಿ, ಅದರ ಅರ್ಥ ಏನು ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಿಡಿಸಿ ಹೇಳಿದ್ರೆ ಅರ್ಥ ಇಷ್ಟೇ: ಈ ದುಡ್ಡು ಬರಬೇಕು ಅಂತ ನಾವು ಬರ್ಕೊಂಡಿದ್ದೀವಿ, ಕೊಡಬೇಕಾದೋರು ಹೌದು ಅಂತ ಹೇಳಿಲ್ಲ. ಮ್ಯಾನೇಜ್ಮೆಂಟ್ ತನ್ನ ನೋಟ್‌ನಲ್ಲಿ ಏನ್ ಬೇಕಾದ್ರೂ ಬರ್ಕೊಳ್ಳಲಿ, ಅದರಿಂದ ಆಡಿಟರ್ ಕೆಲಸ ಒಂದು ಚೂರೂ ಕಮ್ಮಿ ಆಗಲ್ಲ. ಉತ್ತರ ಬರದೇ ಇದ್ದಾಗ, ಅಥವಾ ಬಂದ ಉತ್ತರ ನಮ್ಮ ಲೆಕ್ಕಕ್ಕೆ ತಾಳೆ ಆಗದೇ ಇದ್ದಾಗ ಏನು ಮಾಡಬೇಕು ಅಂತ ನಮ್ಮ ಆಡಿಟಿಂಗ್ ಸ್ಟ್ಯಾಂಡರ್ಡ್ ಎಸ್‌ಎ 505 ಸ್ಪಷ್ಟವಾಗೇ ಹೇಳುತ್ತೆ.

ಕನ್ಫರ್ಮೇಶನ್ ಅಂದ್ರೆ ಆಡಿಟರ್ ಬ್ಯಾಂಕಿಗೋ ಪಾರ್ಟಿಗೋ ಪತ್ರ ಬರೆದು, ಈ ಬ್ಯಾಲೆನ್ಸ್ ಸರಿ ಇದೆಯಾ ಅಂತ ಕೇಳಿ ನೇರವಾಗಿ ತಗೊಳ್ಳೋ ಲಿಖಿತ ಉತ್ತರ. ಉತ್ತರದ ಮಾತಿಗೂ ಮೊದಲು ಆ ಪತ್ರ ಯಾರ ಕೈ ದಾಟಿ ಹೋಗುತ್ತೆ, ಯಾರ ಕೈ ದಾಟಿ ವಾಪಸ್ ಬರುತ್ತೆ ಅನ್ನೋದನ್ನ ನೋಡಬೇಕು, ಯಾಕಂದ್ರೆ ಅಲ್ಲಿ ಎಡವಿದ್ರೆ ಬಂದ ಉತ್ತರಕ್ಕೂ ಬೆಲೆ ಇಲ್ಲ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಥೆ ಎಲ್ಲರಿಗೂ ಗೊತ್ತು. 2009ರ ಜನವರಿ 7ರಂದು ಅದರ ಚೇರ್ಮನ್ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, ಬುಕ್ಸ್‌ನಲ್ಲಿದ್ದ 5,361 ಕೋಟಿ ಕ್ಯಾಶ್ ಮತ್ತು ಬ್ಯಾಂಕ್ ಬ್ಯಾಲೆನ್ಸ್‌ನಲ್ಲಿ 5,040 ಕೋಟಿ ಇರಲೇ ಇಲ್ಲ. ಇಷ್ಟು ದೊಡ್ಡ ಸುಳ್ಳು ಆಡಿಟ್ ದಾಟಿದ್ದು ಹೇಗೆ? 2011ರ ಏಪ್ರಿಲ್‌ನಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ ಸತ್ಯಂನ ಆಡಿಟ್ ಸಂಸ್ಥೆ ಮೇಲೆ ಕ್ರಮ ತಗೊಂಡಾಗ ಹೇಳಿದ್ದು ಬಹಳ ಸಾದಾ ವಿಷಯ: ಬ್ಯಾಂಕ್ ಕನ್ಫರ್ಮೇಶನ್ ಕಳಿಸೋದು, ವಾಪಸ್ ತಗೊಳ್ಳೋದು ಎರಡನ್ನೂ ಆಡಿಟ್ ಟೀಮ್ ಕಂಪನಿಯ ಮ್ಯಾನೇಜ್ಮೆಂಟ್ ಕೈಗೇ ಬಿಟ್ಟಿತ್ತು. ಅಂದ್ರೆ ಪರೀಕ್ಷೆ ಬರೆಯೋ ಹುಡುಗನ ಕೈಯಲ್ಲೇ ಪೇಪರ್ ಕೊಟ್ಟು, ತಿದ್ದಿಸ್ಕೊಂಡು ಬಾಪ್ಪಾ ಅಂದ ಹಾಗೆ.

ಅದು ದೊಡ್ಡವರ ಕಥೆ ಅನ್ಕೋಬೇಡಿ. ನಮ್ಮೂರಲ್ಲಿ ಪ್ರತಿ ಮೇ ತಿಂಗಳು ನಡೆಯೋದು ಹೀಗೆ: ಬ್ರಾಂಚಿಗೆ ಕಳಿಸಿದ ಪತ್ರಕ್ಕೆ ಮೂರು ವಾರ ಆದ್ರೂ ಉತ್ತರ ಇಲ್ಲ, ಆರ್ಟಿಕಲ್ ಹುಡುಗನ್ನ ಕಂಪನಿ ಅಕೌಂಟೆಂಟ್ ಜೊತೆ ಬ್ಯಾಂಕಿಗೆ ಕಳಿಸ್ತಾರೆ. ಅಕೌಂಟೆಂಟ್‌ಗೆ ಬ್ರಾಂಚಲ್ಲಿ ಎಲ್ಲರ ಪರಿಚಯ, "ನೀವಿಲ್ಲೇ ಕೂತ್ಕೊಳ್ಳಿ, ನಾನು ಮ್ಯಾನೇಜರ್ ಹತ್ರ ಸೈನ್ ಹಾಕಿಸ್ಕೊಂಡ್ ಬರ್ತೀನಿ" ಅಂತ ಒಳಗೆ ಹೋಗ್ತಾರೆ, ಹತ್ತು ನಿಮಿಷಕ್ಕೆ ಸೀಲ್ ಹೊಡೆದ ಕಾಗದ ತಂದುಕೊಡ್ತಾರೆ. ಹುಡುಗ ಖುಷಿಯಾಗಿ ಫೈಲಿಗೆ ಹಾಕ್ತಾನೆ. ಆ ಹತ್ತು ನಿಮಿಷದಲ್ಲಿ ಅದು ಕನ್ಫರ್ಮೇಶನ್ ಆಗಿ ಉಳಿದಿಲ್ಲ. ಅಕೌಂಟೆಂಟ್ ಕಳ್ಳ ಅಂತ ನಾನ್ ಹೇಳ್ತಿಲ್ಲ, ನೂರಕ್ಕೆ ತೊಂಬತ್ತೊಂಬತ್ತು ಸಲ ಆ ಕಾಗದ ಸರಿಯಾಗೇ ಇರುತ್ತೆ, ಆದ್ರೆ ಉಳಿದ ಆ ಒಂದು ಸಲಕ್ಕೇ ಅಲ್ವಾ ಈ ಪತ್ರ ಅನ್ನೋ ಏರ್ಪಾಡು ಇರೋದು. ಹುಡುಗ ತಾನೇ ಒಳಗೆ ಹೋಗಿ, ತನ್ನ ಕೈಯಾರೆ ಕೊಟ್ಟು, ಉತ್ತರ ಕೊಟ್ಟವರ ಹೆಸರು, ಹುದ್ದೆ ಬರ್ಕೊಂಡು, ತನ್ನ ಕೈಯಲ್ಲೇ ವಾಪಸ್ ತಗೋಬೇಕು, ಇಲ್ಲಾಂದ್ರೆ ಬ್ಯಾಂಕಿನ ಅಧಿಕೃತ ಮೇಲ್ ಐಡಿಯಿಂದ ನೇರ ಆಡಿಟರ್ ಮೇಲ್‌ಗೆ ಬರಬೇಕು.

ಬ್ಯಾಂಕ್ ಉತ್ತರ ಕೊಟ್ಟ ಮೇಲೂ ಒಂದು ಸೂಕ್ಷ್ಮ ಇದೆ. ಪತ್ರದಲ್ಲಿ ಬರೀ ಬ್ಯಾಲೆನ್ಸ್ ಎಷ್ಟು ಅಂತ ಕೇಳಲ್ಲ. ಸಾಲ ಎಷ್ಟು, ಯಾವ ಎಫ್‌ಡಿ ಮೇಲೆ ಲೀನ್ ಅಂದ್ರೆ ಅಡದ ಹಕ್ಕು ಇದೆ, ಗ್ಯಾರಂಟಿ ಎಷ್ಟು, ವರ್ಷದಲ್ಲಿ ಮುಚ್ಚಿದ ಖಾತೆ ಯಾವುದು, ಎಲ್ಲಾ ಕೇಳ್ತೀವಿ. ಬ್ರಾಂಚ್‌ನೋರು ಬ್ಯಾಲೆನ್ಸ್ ಕಾಲಂ ತುಂಬಿ ಉಳಿದದ್ದನ್ನ ಖಾಲಿ ಬಿಡ್ತಾರೆ. ಖಾಲಿ ಬಿಟ್ಟಿದ್ದು ‘ಇಲ್ಲ’ ಅಂತ ಅಲ್ಲ, ಆ ಪ್ರಶ್ನೆಗೆ ಉತ್ತರ ಬಂದಿಲ್ಲ ಅಂತ. ಎಫ್‌ಡಿ 2 ಕೋಟಿ ಇದೆ ಅಂತ ಬ್ಯಾಂಕ್ ಹೇಳ್ತು, ಸರಿ, ಆದ್ರೆ ಅದನ್ನ ಮಾಲೀಕರ ಇನ್ನೊಂದು ಕಂಪನಿಯ ಸಾಲಕ್ಕೆ ಅಡ ಇಟ್ಟಿದ್ರೆ ಆ 2 ಕೋಟಿ ಇದ್ದೂ ಇಲ್ಲದ ಹಾಗೆ. ಅದಕ್ಕೇ ನಾನು ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಕಂಪನಿಯ ಚಾರ್ಜ್‌ಗಳ, ಅಂದ್ರೆ ಸಾಲಕ್ಕೆ ಅಡ ಇಟ್ಟ ಆಸ್ತಿಗಳ, ಪಟ್ಟಿ ತೆಗೆದು ಪಕ್ಕಕ್ಕಿಟ್ಕೊಂಡು ನೋಡ್ತೀನಿ, ಯಾವ ಬ್ಯಾಂಕಿನ ಹೆಸರು ಅಲ್ಲಿದ್ದು ನಮ್ಮ ಪತ್ರದ ಪಟ್ಟಿಯಲ್ಲಿ ಇಲ್ವೋ ಆ ಬ್ಯಾಂಕಿಗೆ ಮೊದಲು ಪತ್ರ ಹೋಗಬೇಕು. ಬ್ಯಾಲೆನ್ಸ್ ಝೀರೋ ಇರೋ ಖಾತೆಗೂ ಹೋಗಬೇಕು, ಸಾಲ ಅಡಗಿರೋದು ಸಾಮಾನ್ಯವಾಗಿ ಅಂಥಲ್ಲೇ.

ಬ್ಯಾಂಕ್ ಉತ್ತರನೇ ಕೊಡದಿದ್ರೆ? ಕಂಪನಿ ಕೊಟ್ಟ ಸ್ಟೇಟ್ಮೆಂಟ್ ಪಿಡಿಎಫ್ ಸಾಲದು, ಪಿಡಿಎಫ್‌ನಲ್ಲಿ ಅಂಕಿ ಬದಲಾಯಿಸೋದು ಈಗ ಕಾಲೇಜ್ ಹುಡುಗರಿಗೂ ಬರುತ್ತೆ. ಆಡಿಟರ್ ಎದುರಲ್ಲೇ ನೆಟ್ ಬ್ಯಾಂಕಿಂಗ್ ಲಾಗಿನ್ ಮಾಡಿಸಿ, ಬ್ರೌಸರ್‌ನ ಅಡ್ರೆಸ್ ಬಾರ್‌ನಲ್ಲಿ ಬ್ಯಾಂಕಿನ ಸೈಟೇ ಇದೆಯಾ ನೋಡಿ, ಅಲ್ಲೇ ಸ್ಟೇಟ್ಮೆಂಟ್ ಡೌನ್‌ಲೋಡ್ ಮಾಡ್ಬೇಕು, ಏಪ್ರಿಲ್-ಮೇ ತಿಂಗಳದ್ದೂ ಸೇರಿಸಿ. ಜರ್ಮನಿಯ ಪೇಮೆಂಟ್ ಕಂಪನಿ ವೈರ್‌ಕಾರ್ಡ್ ಪ್ರಕರಣದಲ್ಲಿ 190 ಕೋಟಿ ಯೂರೋ ಫಿಲಿಪೈನ್ಸ್‌ನ ಎರಡು ಬ್ಯಾಂಕುಗಳಲ್ಲಿದೆ ಅಂತ ಕಾಗದ ಇತ್ತು, 2020ರ ಜೂನ್‌ನಲ್ಲಿ ಆ ಬ್ಯಾಂಕುಗಳೇ, ಇವರು ನಮ್ಮ ಗ್ರಾಹಕರಲ್ಲ, ಕಾಗದ ನಕಲಿ ಅಂದ್ಬಿಟ್ವು.

ಈಗ ಡೆಬ್ಟರ್ಸ್, ಅಂದ್ರೆ ಕಂಪನಿಗೆ ದುಡ್ಡು ಕೊಡಬೇಕಾದ ಪಾರ್ಟಿಗಳ ವಿಷಯ. ಇಲ್ಲಿ ಉತ್ತರ ಬರದೇ ಇರೋದು ಬರೀ ಸೋಮಾರಿತನಕ್ಕಲ್ಲ, ನಮ್ಮ ದೇಶದಲ್ಲಿ ಅದಕ್ಕೆ ಗಟ್ಟಿ ಕಾರಣಗಳೇ ಇವೆ. ಲಿಮಿಟೇಶನ್ ಕಾಯ್ದೆ 1963ರ 18ನೇ ಸೆಕ್ಷನ್ ಪ್ರಕಾರ ಸಾಲ ಇದೆ ಅಂತ ಬರೆದು ಸೈನ್ ಹಾಕಿದ್ರೆ, ವಾಯಿದೆ ಮುಗಿಯೋ ಮೊದಲು ಹಾಕಿದ್ರೆ, ಆ ದಿನದಿಂದ ಮತ್ತೆ ಹೊಸದಾಗಿ ಮೂರು ವರ್ಷ ಶುರು. ನಮ್ಮ ಆಡಿಟ್ ಪತ್ರ ಅವರಿಗೆ ಕಾಣೋದು ಹಾಗೆ: ಸೈನ್ ಹಾಕಿದ್ರೆ ನಾಳೆ ಕೋರ್ಟ್‌ನಲ್ಲಿ ಸಾಕ್ಷಿ. ಇನ್ನೊಂದು ಜಿಎಸ್‌ಟಿ ಕಾರಣ, ಸಪ್ಲೈಯರ್‌ಗೆ 180 ದಿನದೊಳಗೆ ದುಡ್ಡು ಕೊಡದಿದ್ರೆ ತಗೊಂಡಿರೋ ಇನ್‌ಪುಟ್ ಕ್ರೆಡಿಟ್ ವಾಪಸ್ ಕಟ್ಟಬೇಕು, ಕಟ್ಟಿರದ ಪಾರ್ಟಿ ಏಳು ತಿಂಗಳು ಹಳೇ ಬಿಲ್ ಬಾಕಿ ಇದೆ ಅಂತ ಯಾಕೆ ಬರ್ಕೊಡ್ತಾರೆ ಹೇಳಿ. ಹಾಗಾಗಿ ಮೌನಕ್ಕೂ ಅರ್ಥ ಇರುತ್ತೆ, ಯಾವ ಪಾರ್ಟಿ ಸುಮ್ಮನಿದೆ ಅನ್ನೋದನ್ನ, ಯಾವ ಬಾಕಿ ಎಷ್ಟು ಹಳೇದು ಅಂತ ತೋರಿಸೋ ಏಜಿಂಗ್ ಪಟ್ಟಿ ಪಕ್ಕ ಇಟ್ಟು ನೋಡಿದ್ರೆ ಹಳೇ ಬಾಕಿ ಇರೋರೇ ಜಾಸ್ತಿ ಸುಮ್ಮನಿರ್ತಾರೆ.

ಇದಕ್ಕೆ ನಮ್ಮವರು ಕಂಡುಕೊಂಡ ಅಡ್ಡದಾರಿ, ಪತ್ರದ ಕೊನೆಯಲ್ಲಿ ‘15 ದಿನದೊಳಗೆ ಉತ್ತರ ಬರದಿದ್ದರೆ ಬ್ಯಾಲೆನ್ಸ್ ಸರಿ ಇದೆ ಎಂದು ಭಾವಿಸಲಾಗುವುದು’ ಅಂತ ಒಂದು ಸಾಲು. ಈ ಒಂದೇ ಸಾಲಿಂದ ಪಾಸಿಟಿವ್ ಪತ್ರ ನೆಗೆಟಿವ್ ಪತ್ರ ಆಗೋಗುತ್ತೆ. ಪಾಸಿಟಿವ್ ಅಂದ್ರೆ ಒಪ್ಪಿದ್ರೂ ಒಪ್ಪದಿದ್ರೂ ಉತ್ತರ ಕೊಡಿ ಅನ್ನೋದು, ನೆಗೆಟಿವ್ ಅಂದ್ರೆ ಒಪ್ಪದಿದ್ರೆ ಮಾತ್ರ ಉತ್ತರ ಕೊಡಿ ಅನ್ನೋದು, ಅದನ್ನೊಂದನ್ನೇ ನಂಬಿಕೊಳ್ಳಬೇಕಾದ್ರೆ ಎಸ್‌ಎ 505 ನಾಲ್ಕು ಶರತ್ತು ಒಟ್ಟಿಗೆ ಹಾಕುತ್ತೆ: ರಿಸ್ಕ್ ಕಮ್ಮಿ ಇರಬೇಕು ಮತ್ತು ಕಂಟ್ರೋಲ್ ಪರೀಕ್ಷೆ ಮಾಡಿರಬೇಕು, ಸಣ್ಣ ಸಣ್ಣ ಒಂದೇ ಥರದ ಬ್ಯಾಲೆನ್ಸ್‌ಗಳು ತುಂಬಾ ಇರಬೇಕು, ವ್ಯತ್ಯಾಸ ತೀರಾ ವಿರಳ ಅಂತ ನಿರೀಕ್ಷೆ ಇರಬೇಕು, ಜನ ಪತ್ರ ಓದದೇ ಎಸೀತಾರೆ ಅನ್ನೋಕೆ ಕಾರಣ ಇರಬಾರದು. 25 ದೊಡ್ಡ ಪಾರ್ಟಿ ಇರೋ ಕಾರ್ಖಾನೆಗೆ ಇದು ಹೊಂದೋದೇ ಇಲ್ಲ. ಅಮೆರಿಕದ ಆಡಿಟ್ ನಿಯಂತ್ರಕ ಪಿಸಿಎಒಬಿ ತನ್ನ ಹೊಸ ಸ್ಟ್ಯಾಂಡರ್ಡ್ ಎಎಸ್ 2310ರಲ್ಲಿ, ಅಂದ್ರೆ 2025ರ ಜೂನ್ 15 ಅಥವಾ ಆಮೇಲೆ ಮುಗಿಯೋ ವರ್ಷಗಳಿಗೆ, ನೆಗೆಟಿವ್ ಪತ್ರ ಒಂದೇ ಆದ್ರೆ ಸಾಕ್ಷಿ ಸಾಲದು ಅಂತಾನೇ ಹೇಳ್ಬಿಟ್ಟಿದೆ. ಬೆಂಗಳೂರಲ್ಲಿ ಕೂತು ಅಮೆರಿಕದ ಆಡಿಟ್ ಕೆಲಸ ಮಾಡೋರಿಗೆ ಇದು ಈಗ ದಿನನಿತ್ಯದ ವಿಷಯ.

ಒಂದು ಕೇಸ್ ತಗೊಂಡು ನೋಡೋಣ, ಗುರುತು ಸಿಗಬಾರದು ಅಂತ ಅಂಕಿಗಳನ್ನ ಬದಲಾಯಿಸಿದ್ದೀನಿ. ಇಂಡಸ್ಟ್ರಿಯಲ್ ಏರಿಯಾದಲ್ಲಿರೋ ಮಷೀನ್ಡ್ ಪಾರ್ಟ್ಸ್ ಮಾಡೋ ಕಂಪನಿ, 2025ರ ಮಾರ್ಚ್ 31ಕ್ಕೆ ಡೆಬ್ಟರ್ಸ್ ಸುಮಾರು 8 ಕೋಟಿ. ದೊಡ್ಡ ಐದು ಪಾರ್ಟಿ, ಉಳಿದವರಲ್ಲಿ 20 ಜನ, ಒಟ್ಟು 25 ಪತ್ರ ಕಳಿಸಿದ್ವಿ. ವಿಳಾಸ ಕಂಪನಿ ಕೊಟ್ಟ ಎಕ್ಸೆಲ್‌ನಿಂದ ಅಲ್ಲ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿ ನಂಬರ್ ಹಾಕಿದ್ರೆ ವಿಳಾಸ ಬರುತ್ತಲ್ಲ, ಅದರ ಜೊತೆ ತಾಳೆ ನೋಡಿ. ಮೂರು ವಾರ, ಒಂದು ರಿಮೈಂಡರ್, ಇನ್ನೂ ಎರಡು ವಾರ. ಹನ್ನೊಂದು ಪಾರ್ಟಿಯಿಂದ ಉತ್ತರ ಇಲ್ಲ.

ಸುಮ್ಮನಿದ್ದವರಲ್ಲಿ ಒಂದು ಪಾರ್ಟಿ ಬ್ಯಾಲೆನ್ಸ್ 46 ಲಕ್ಷ. ಅಕೌಂಟೆಂಟ್ ಹೇಳಿದ್ರು, "ಸಾರ್, ಏಪ್ರಿಲ್-ಮೇನಲ್ಲಿ 30 ಲಕ್ಷ ಬಂದಿದೆ, ಮುಗೀತಲ್ಲ." ಮುಗಿಯಲ್ಲ. ವರ್ಷ ಮುಗಿದ ಮೇಲೆ ಬಂದ ದುಡ್ಡು ಒಳ್ಳೇ ಸಾಕ್ಷಿ ಹೌದು, ಆದ್ರೆ ಆ ದುಡ್ಡು ಮಾರ್ಚ್ ಬಿಲ್‌ಗೆ ಬಂದಿದ್ದಾ ಏಪ್ರಿಲ್ ಬಿಲ್‌ಗಾ? ಕಂಪನಿಯ ಟ್ಯಾಲಿಯಲ್ಲಿ ಯಾವ ಬಿಲ್‌ಗೆ ಬೇಕಾದ್ರೂ ಅಡ್ಜಸ್ಟ್ ಮಾಡಬಹುದು, ಅದಕ್ಕೇ ಪಾರ್ಟಿ ಕಳಿಸಿದ ಪೇಮೆಂಟ್ ಅಡ್ವೈಸ್ ಮೇಲ್ ಬೇಕು, ಅದರಲ್ಲಿ ಬಿಲ್ ನಂಬರ್ ಇರುತ್ತೆ. ಇನ್ನೊಂದು, ದುಡ್ಡು ಕಳಿಸಿದ್ದು ಯಾರು? ಬ್ಯಾಂಕ್ ಸ್ಟೇಟ್ಮೆಂಟ್‌ನಲ್ಲಿ ನೆಫ್ಟ್ ಎಂಟ್ರಿ ಪಕ್ಕ ಕಳಿಸಿದವರ ಹೆಸರು ಇರುತ್ತೆ, ಅದನ್ನ ಪೂರ್ತಿ ಓದ್ಬೇಕು. ಇಲ್ಲಿ 30 ಲಕ್ಷದಲ್ಲಿ 24 ಲಕ್ಷ ಆ ಪಾರ್ಟಿಯಿಂದಲೇ ಬಂದಿತ್ತು, 6 ಲಕ್ಷ ಮಾತ್ರ ಬೇರೆ ಹೆಸರಿನ ಖಾತೆಯಿಂದ. ಕೇಳಿದ್ರೆ ಮಾಲೀಕರ ತಮ್ಮನ ಟ್ರೇಡಿಂಗ್ ಫರ್ಮು, "ಅವರು ನಮಗೆ ಕೊಡಬೇಕಿತ್ತು ಸಾರ್, ತಪ್ಪಾಗಿ ಈ ಪಾರ್ಟಿ ಲೆಡ್ಜರ್‌ಗೆ ಹಾಕ್ಬಿಟ್ಟಿದೀವಿ" ಅಂದ್ರು. ಇರಬಹುದು. ಸ್ವಂತದವರ ದುಡ್ಡು ತಿರುಗಿಸಿ ತಂದು ಹಳೇ ಡೆಬ್ಟರ್ ತೀರಿತು ಅಂತ ತೋರಿಸೋದೂ ಹೀಗೇ ಕಾಣುತ್ತೆ. ಹಾಗಾಗಿ ಆ 6 ಲಕ್ಷ ಸಾಕ್ಷಿ ಅಲ್ಲ ಅಂತ ಪಕ್ಕಕ್ಕಿಟ್ಟು, ದುಡ್ಡು ಬರದೇ ಉಳಿದ 16 ಲಕ್ಷದ ಜೊತೆ ಸೇರಿಸಿ 22 ಲಕ್ಷಕ್ಕೆ ಮಾಲು ನಿಜವಾಗಿ ಹೋಗಿದೆಯಾ ಅಂತ ನೋಡೋಕೆ ಹೊರಟ್ವಿ.

ಅದನ್ನ ನೋಡೋದು ಹೇಗೆ ಅಂದ್ರೆ ಕಂಪನಿ ತಾನೇ ಬರೆದ ಬಿಲ್‌ನಿಂದ ದೂರ ದೂರ ಹೋಗ್ತಾ ಹೋಗಬೇಕು. ಪಾರ್ಟಿಯ ಪರ್ಚೇಸ್ ಆರ್ಡರ್, ಇ-ವೇ ಬಿಲ್‌ನಲ್ಲಿರೋ ಗಾಡಿ ನಂಬರ್, ಟ್ರಾನ್ಸ್‌ಪೋರ್ಟ್‌ನೋರು ಮಾಲಿಗೆ ಕೊಡೋ ಎಲ್‌ಆರ್ ರಸೀದಿ, ಅದರ ಮೇಲೆ ಪಾರ್ಟಿಯ ಗೇಟ್‌ನಲ್ಲಿ ಒತ್ತಿದ ಇನ್‌ವರ್ಡ್ ಸೀಲು ಮತ್ತು ತಾರೀಖು. ನನಗೆ ಎಲ್ಲಕ್ಕಿಂತ ಇಷ್ಟ ಈ ಗೇಟ್ ಸೀಲು, ಸೆಕ್ಯುರಿಟಿಯವರು ಒತ್ತಿರೋದು, ಅರ್ಧ ಇಂಕ್ ಹರಡಿರುತ್ತೆ, ಗಾಡಿ ಬಂದ ಟೈಮ್ ಬಾಲ್‌ಪೆನ್ನಲ್ಲಿ ಗೀಚಿರ್ತಾರೆ, ಅಂಥ ಕಾಗದ ಆಫೀಸಲ್ಲಿ ಕೂತು ಸೃಷ್ಟಿ ಮಾಡೋದು ಕಷ್ಟ. ಜೊತೆಗೆ ಏಪ್ರಿಲ್ ತಿಂಗಳ ಸೇಲ್ಸ್ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಆ ಪಾರ್ಟಿ ಹೆಸರಿಗೆ ಕ್ರೆಡಿಟ್ ನೋಟ್ ಏನಾದ್ರೂ ಇದೆಯಾ ನೋಡಿದ್ವಿ, ಯಾಕಂದ್ರೆ ಮಾರ್ಚ್‌ನಲ್ಲಿ ಬಿಲ್ ಹಾಕಿ ಸೇಲ್ಸ್ ಉಬ್ಬಿಸಿ ಏಪ್ರಿಲ್‌ನಲ್ಲಿ ಕ್ರೆಡಿಟ್ ನೋಟ್ ಕೊಟ್ಟು ಕರಗಿಸೋದು ಹಳೇ ಆಟ. ಇರಲಿಲ್ಲ. 22 ಲಕ್ಷಕ್ಕೂ ಎಲ್‌ಆರ್ ಸೀಲು ಸಿಕ್ತು, ಪಾರ್ಟಿ ಕೊನೇವರೆಗೂ ಉತ್ತರ ಕೊಡಲೇ ಇಲ್ಲ, ಆದ್ರೂ ಬ್ಯಾಲೆನ್ಸ್ ಒಪ್ಪಬಹುದಾಯ್ತು. ತಮ್ಮನ ಫರ್ಮಿನ 6 ಲಕ್ಷವನ್ನ ರಿಲೇಟೆಡ್ ಪಾರ್ಟಿ ಕಡೆಯ ಕೆಲಸಕ್ಕೆ ದಾಟಿಸಿದ್ವಿ, ಅದು ಬೇರೆ ಜಗಳ.

ಉತ್ತರ ಕೊಟ್ಟವರಲ್ಲಿ ಒಬ್ಬರದ್ದು ಇನ್ನೂ ಸ್ವಾರಸ್ಯ. ನಮ್ಮ ಬುಕ್ಸ್ ಪ್ರಕಾರ 38.40 ಲಕ್ಷ, ಪಾರ್ಟಿ ಬರೆದಿದ್ದು 31.25 ಲಕ್ಷ, ಲೆಡ್ಜರ್ ಕಾಪಿನೂ ಲಗತ್ತಿಸಿದ್ರು, ಇಂಥ ಪಾರ್ಟಿ ಸಿಕ್ಕಿದ್ರೆ ಆಡಿಟರ್‌ಗಳು ಕೈ ಮುಗೀತಾರೆ. ವ್ಯತ್ಯಾಸ 7.15 ಲಕ್ಷ. ಎರಡು ಲೆಡ್ಜರ್ ಪಕ್ಕಪಕ್ಕ ಇಟ್ಟಾಗ ಮೂರು ತುಂಡು ಸಿಕ್ತು. ಮೊದಲ್ನೇದು 53 ಸಾವಿರ, ಜಾಬ್ ವರ್ಕ್ ಬಿಲ್‌ಗಳ ಮೇಲೆ ಅವರು ಶೇ 2 ಟಿಡಿಎಸ್ ಹಿಡ್ಕೊಂಡಿದ್ರು, ನಮ್ಮ ಕಡೆ ಎಂಟ್ರಿ ಹಾಕಿರಲಿಲ್ಲ. ಕಂಪನಿ ಹೆಸರಲ್ಲಿ ಜಮಾ ಆದ ಟಿಡಿಎಸ್ ತೋರಿಸೋ 26ಎಎಸ್ ತೆಗೆದ್ರೆ ಅಷ್ಟೂ ಅಲ್ಲಿ ಕಾಣ್ತು. ದುಡ್ಡು ಎಲ್ಲೂ ಹೋಗಿಲ್ಲ, ಡೆಬ್ಟರ್ಸ್‌ನಿಂದ ತೆಗೆದು ಟಿಡಿಎಸ್ ರಿಸೀವಬಲ್‌ಗೆ ಹಾಕಿದ್ರೆ ಆಯ್ತು, ಲಾಭಕ್ಕೆ ಏನೂ ಆಗಲ್ಲ.

ಎರಡನೇದು 4.72 ಲಕ್ಷ, ಮಾರ್ಚ್ 30ರ ಬಿಲ್, 4 ಲಕ್ಷ ಮಾಲು ಮತ್ತು ಶೇ 18 ಜಿಎಸ್‌ಟಿ. ಪಾರ್ಟಿ ಇದನ್ನ ಏಪ್ರಿಲ್ 3ಕ್ಕೆ ಬುಕ್ ಮಾಡಿದ್ದಾರೆ. ಇಲ್ಲಿ ಎಲ್ಲರೂ ‘ಟೈಮಿಂಗ್ ಡಿಫರೆನ್ಸ್’ ಅಂತ ಬರೆದು ಟಿಕ್ ಹಾಕಿ ಮುಂದೆ ಹೋಗ್ತಾರೆ, ನಮ್ಮ ಹುಡುಗನೂ ಹಾಗೇ ಬರೆದಿದ್ದ. ಮಾಲು ದಾರಿಯಲ್ಲಿತ್ತು, ಸರಿ, ದಾರಿಯಲ್ಲಿದ್ದಾಗ ಅದು ಯಾರ ಮಾಲು? ಪರ್ಚೇಸ್ ಆರ್ಡರ್ ತೆಗೆಸಿ ನೋಡಿದ್ರೆ ಡೆಲಿವರಿ ಪಾರ್ಟಿಯ ಫ್ಯಾಕ್ಟರಿ ಬಾಗಿಲಿಗೆ, ಸಾಗಾಣಿಕೆ ರಿಸ್ಕ್ ಪೂರ್ತಿ ಸಪ್ಲೈಯರ್‌ದು ಅಂತಿತ್ತು. ಅಂದ್ಮೇಲೆ ಮಾರ್ಚ್ 31ಕ್ಕೆ ಆ ಮಾಲು ಇನ್ನೂ ನಮ್ಮ ಕಂಪನಿದೇ, ಸೇಲ್ಸ್ ಆಗಿಲ್ಲ. ಟೈಮಿಂಗ್ ವ್ಯತ್ಯಾಸ ನಿಜ, ಆದ್ರೆ ಟೈಮ್ ತಪ್ಪಾಗಿದ್ದು ನಮ್ಮ ಕಡೆ. 4 ಲಕ್ಷ ಸೇಲ್ಸ್ ತೆಗೆದು ಮಾಲನ್ನ ಸ್ಟಾಕ್‌ಗೆ ವಾಪಸ್ ಸೇರಿಸಬೇಕು. ಫ್ಯಾಕ್ಟರಿಯಿಂದ ಹೊರಟಾಗಲೇ ಮಾಲು ಪಾರ್ಟಿದು ಅಂತ ಆರ್ಡರ್‌ನಲ್ಲಿದ್ದಿದ್ರೆ ನಮ್ಮ ಎಂಟ್ರಿನೇ ಸರಿ. ಅದೇ ವ್ಯತ್ಯಾಸ, ಅದೇ ಮೊತ್ತ, ಒಂದು ಶರತ್ತಿನ ಮೇಲೆ ತಪ್ಪೋ ಸರಿಯೋ ತೀರ್ಮಾನ. ಆ ಆರ್ಡರ್ ಶರತ್ತು ಇರೋ ಬೇರೆ ಪಾರ್ಟಿಗಳ ಮಾರ್ಚ್ ಕೊನೇ ವಾರದ ಬಿಲ್‌ಗಳನ್ನೆಲ್ಲ ಆಮೇಲೆ ನೋಡಬೇಕಾಯ್ತು.

ಮೂರನೇದು 1.90 ಲಕ್ಷ, ಮೊತ್ತ ಸಣ್ಣದು ಆದ್ರೆ ನನ್ನ ನಿದ್ದೆ ಕೆಡಿಸಿದ್ದು ಇದೇ. ಫೆಬ್ರವರಿಯಲ್ಲಿ ಪಾರ್ಟಿ ಕೆಲವು ಪೀಸ್ ರಿಜೆಕ್ಟ್ ಮಾಡಿ ಡೆಬಿಟ್ ನೋಟ್ ಕಳಿಸಿದ್ರು, ನಮ್ಮ ಬುಕ್ಸ್‌ನಲ್ಲಿ ಇಲ್ಲ. ವಿಚಾರಿಸಿದಾಗ ಡೆಬಿಟ್ ನೋಟ್ ಮೊದಲು ಹೋಗೋದು ಅಕೌಂಟ್ಸ್‌ಗಲ್ಲ, ಕ್ವಾಲಿಟಿ ವಿಭಾಗಕ್ಕೆ, ಅವರು ರೀವರ್ಕ್ ಮಾಡಿ ಕೊಟ್ರೆ ಪಾರ್ಟಿ ಡೆಬಿಟ್ ನೋಟ್ ವಾಪಸ್ ತಗೊಳ್ಳುತ್ತೆ ಅನ್ನೋ ನಂಬಿಕೆ ಮೇಲೆ ಅವನ್ನೆಲ್ಲ ಡ್ರಾಯರ್‌ನಲ್ಲಿ ಇಟ್ಕೊಂಡಿರ್ತಾರೆ. ಡ್ರಾಯರ್ ತೆಗೆಸಿದ್ವಿ, ರಬ್ಬರ್‌ಬ್ಯಾಂಡ್ ಹಾಕಿದ ಒಂದು ಕಟ್ಟು. ಅಂದ್ರೆ ಇದು ಒಂದು ಪಾರ್ಟಿಯ ತಪ್ಪಲ್ಲ, ಕಂಪನಿ ಕೆಲಸ ಮಾಡೋ ಕ್ರಮದಲ್ಲೇ ಇರೋ ತೂತು, ಪತ್ರ ಕಳಿಸದೇ ಇರೋ ಪಾರ್ಟಿಗಳಲ್ಲೂ ಇರುತ್ತೆ. ಇಂಥಲ್ಲಿ ಸಿಕ್ಕಿದ 1.90 ಲಕ್ಷ ಸರಿ ಮಾಡಿಸಿ ಕೈ ತೊಳ್ಕೊಳ್ಳೋಕಾಗಲ್ಲ. ಸ್ಯಾಂಪಲ್‌ನಲ್ಲಿ ತೆಗೆದ 20 ಪಾರ್ಟಿಯ ಬ್ಯಾಲೆನ್ಸ್ 2 ಕೋಟಿ, ಅದರಲ್ಲಿ ಈ ಥರದ ತಪ್ಪು ಒಟ್ಟು 3 ಲಕ್ಷ ಅಂದ್ರೆ ಶೇ 1.5, ಸ್ಯಾಂಪಲ್ ತೆಗೆದ ಆ ಸಣ್ಣ ಪಾರ್ಟಿಗಳ ಪೂರ್ತಿ ಗುಂಪು 4 ಕೋಟಿ ಆದ್ರೆ ತಪ್ಪಿನ ಅಂದಾಜು 6 ಲಕ್ಷ. ಆಡಿಟರ್ ಹೋಲಿಸಬೇಕಾದ್ದು ಈ 6 ಲಕ್ಷವನ್ನ ತಾನು ಸಹಿಸಬಹುದಾದ ಮಿತಿ ಜೊತೆ, 1.90 ಲಕ್ಷವನ್ನಲ್ಲ. ನಾವು ಅಂದಾಜಿನ ಮೇಲೆ ಬಿಡದೆ ಡ್ರಾಯರ್‌ನ ಕಟ್ಟನ್ನೇ ಪೂರ್ತಿ ಎಂಟ್ರಿ ಹಾಕಿಸಿದ್ವಿ, ಅದು ಜಾಸ್ತಿ ನ್ಯಾಯ.

ತಾಳೆ ಆದ ಉತ್ತರಗಳನ್ನೂ ಕಣ್ಣು ಮುಚ್ಚಿ ನಂಬಂಗಿಲ್ಲ. ಮೂರು ಬೇರೆ ಬೇರೆ ಊರಿನ ಪಾರ್ಟಿಗಳಿಂದ ಒಂದೇ ಮಧ್ಯಾಹ್ನ, ಹತ್ತು ಹತ್ತು ನಿಮಿಷದ ಅಂತರದಲ್ಲಿ, ಜಿಮೇಲ್ ಐಡಿಗಳಿಂದ, ‘ಬ್ಯಾಲೆನ್ಸ್ ಕನ್ಫರ್ಮ್ಡ್’ ಅಂತ ಒಂದೇ ಸಾಲು, ಒಂದೇ ಥರದ ಸ್ಪೆಲಿಂಗ್ ತಪ್ಪು ಸಮೇತ ಬಂದ್ರೆ ಏನನ್ಕೋಬೇಕು? ಪಾರ್ಟಿಯ ಫೋನ್ ನಂಬರ್ ಅವರ ವೆಬ್‌ಸೈಟ್ ಅಥವಾ ಅವರ ಪರ್ಚೇಸ್ ಆರ್ಡರ್‌ನಿಂದ ಹುಡುಕಿ ಅಕೌಂಟ್ಸ್‌ಗೆ ಫೋನ್ ಮಾಡ್ಬೇಕು, ಮೇಲ್‌ನ ಕೆಳಗಿರೋ ನಂಬರ್‌ಗಲ್ಲ. ಹಾಗೇ ಫೋನ್‌ನಲ್ಲಿ ಯಾರೋ "ಹೂಂ ಸಾರ್, ಸರಿ ಇದೆ" ಅಂದಿದ್ದು ಕನ್ಫರ್ಮೇಶನ್ ಅಲ್ಲ, ಬರವಣಿಗೆಯಲ್ಲಿ ಬರಬೇಕು, ಬರದಿದ್ರೆ ಉತ್ತರ ಬಂದಿಲ್ಲ ಅಂತಾನೇ ಲೆಕ್ಕ.

ಮ್ಯಾನೇಜ್ಮೆಂಟ್ ‘ಈ ಪಾರ್ಟಿಗೆ ಪತ್ರ ಕಳಿಸಬೇಡಿ’ ಅನ್ನೋದೂ ಉಂಟು. ಕೇಸ್ ನಡೀತಿದೆ, ಮಾತುಕತೆ ಸೂಕ್ಷ್ಮವಾಗಿದೆ ಅಂತಾರೆ. ಕಾರಣ ನಿಜ ಇರಬಹುದು, ವಕೀಲರ ನೋಟಿಸ್ ತೋರಿಸಲಿ, ನಾವು ಬೇರೆ ದಾರಿಯಿಂದ ನೋಡ್ತೀವಿ. ಕಾರಣ ಸಮಂಜಸ ಅಲ್ಲ ಅನ್ನಿಸಿದ್ರೆ, ಬೇರೆ ದಾರಿಯಿಂದಲೂ ಸಾಕ್ಷಿ ಸಿಗದಿದ್ರೆ, ಬೋರ್ಡ್‌ಗೆ ತಿಳಿಸಿ ರಿಪೋರ್ಟ್‌ನಲ್ಲಿ ಕ್ವಾಲಿಫಿಕೇಶನ್, ಅಂದ್ರೆ ಇದೊಂದನ್ನ ಬಿಟ್ಟು ಉಳಿದದ್ದು ಸರಿ ಅನ್ನೋ ತಕರಾರು, ಹಾಕಬೇಕಾಗುತ್ತೆ, ಪರಿಣಾಮ ತೀರಾ ವ್ಯಾಪಕ ಆಗಿದ್ರೆ ಅಭಿಪ್ರಾಯ ಕೊಡೋಕಾಗಲ್ಲ ಅಂತಾನೇ ಬರೀಬೇಕಾಗುತ್ತೆ. ಮ್ಯಾನೇಜ್ಮೆಂಟ್ ‘ಎಲ್ಲಾ ಬ್ಯಾಲೆನ್ಸ್ ಸರಿ ಇದೆ’ ಅಂತ ಬರೆದುಕೊಡೋ ರೆಪ್ರೆಸೆಂಟೇಶನ್ ಲೆಟರ್ ಈ ಜಾಗ ತುಂಬಲ್ಲ.

ಆ ಮಷೀನ್ಡ್ ಪಾರ್ಟ್ಸ್ ಕಂಪನಿಯ ಪಾರ್ಟಿಗಳಿಗೆ ಕಳಿಸಿದ 25 ಪತ್ರದಲ್ಲಿ ಒಂದು ‘ವಿಳಾಸದಲ್ಲಿ ಇಲ್ಲ’ ಅಂತ ಪೋಸ್ಟಲ್ಲಿ ವಾಪಸ್ ಬಂತು, 11 ಲಕ್ಷದ ಪಾರ್ಟಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಮತ್ತೆ ನೋಡಿದ್ರೆ ರಿಜಿಸ್ಟ್ರೇಶನ್ ಅಷ್ಟರಲ್ಲಿ ಕ್ಯಾನ್ಸಲ್ ಆಗಿತ್ತು. ಮಾಲು ಹೋಗಿದ್ದು ನಿಜ, ಎಲ್‌ಆರ್ ಇದೆ, ಪಾರ್ಟಿ ಇದ್ದಿದ್ದೂ ನಿಜ, ಈಗ ಇಲ್ಲ. ಹಾಗಾಗಿ ಪ್ರಶ್ನೆ ಡೆಬ್ಟರ್ ಇದೆಯಾ ಅನ್ನೋದರಿಂದ ದುಡ್ಡು ಬರುತ್ತಾ ಅನ್ನೋದಕ್ಕೆ ಬಂತು, ಪೂರ್ತಿ ಪ್ರಾವಿಷನ್ ಮಾಡಿ, ಅಂದ್ರೆ ಈ ದುಡ್ಡು ಬರಲ್ಲ ಅಂತ ಈಗಲೇ ನಷ್ಟಕ್ಕೆ ಬರ್ಕೊಳ್ಳಿ, ಅಂದ್ವಿ. ಮಾಲೀಕರು ಸುಮಾರು ಹೊತ್ತು ಸುಮ್ಮನಿದ್ದು, "ಪ್ರಾವಿಷನ್ ಯಾಕೆ ಸಾರ್, ಕನ್ಫರ್ಮೇಶನ್‌ಗೆ ಒಳಪಟ್ಟಿದೆ ಅಂತ ನೋಟ್ ಇದೆಯಲ್ಲ" ಅಂದ್ರು. ಆ ವರ್ಷ ಪ್ರಾವಿಷನ್ ಎಂಟ್ರಿ ಬಿತ್ತು, ನೋಟ್ ಹೋಯ್ತು.